ರಿಫಂಡ್ ಸಿಕ್ಕಿಕೊಂಡಾಗ ಚಾಟ್ ಬಿಟ್ಟು ನಾನು ಹಿಡಿದ ದಾರಿ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಮನೆ. ಒಂದು ಶಾಪಿಂಗ್ ಆ್ಯಪ್‌ನಲ್ಲಿ ₹4,299 ಕೊಟ್ಟು ಮಿಕ್ಸರ್ ತರಿಸಿದ್ದೆವು. ಬಾಕ್ಸ್ ಬಿಚ್ಚಿ ನೋಡಿದರೆ ದೊಡ್ಡ ಜಾರಿನ ತಳ ಸೀಳಿತ್ತು. ರಿಟರ್ನ್ ಹಾಕಿದೆ. ಪಿಕಪ್ ಹುಡುಗ ಬಂದು ಒಯ್ದ. ಅಲ್ಲಿಗೆ ಮುಗೀತು ಅಂದುಕೊಂಡರೆ, ಕೆಲವು ದಿನಕ್ಕೆ ಆ್ಯಪ್‌ನಲ್ಲಿ "ವಸ್ತು ವಾಪಸ್ ಬಂದಿಲ್ಲ, ರಿಟರ್ನ್ ರದ್ದು" ಅಂತ ಬಂತು. ಮಿಕ್ಸರೂ ಇಲ್ಲ, ದುಡ್ಡೂ ಇಲ್ಲ.

ಮೊದಲು ಸಿಗೋದು ಚಾಟ್‌ಬಾಟ್. ಅದಕ್ಕೆ ಗೊತ್ತಿರೋದು ನಾಲ್ಕೈದು ಬಟನ್ ಮಾತ್ರ. ನಮ್ಮ ಸಮಸ್ಯೆ ಆ ಬಟನ್‌ಗಳಲ್ಲಿ ಇರಲಿಲ್ಲ. "ಬೇರೆ ಸಮಸ್ಯೆ" ಅನ್ನೋದನ್ನು ಒತ್ತಿ, ಏನೇ ಕೇಳಿದರೂ `agent` ಅಂತ ಟೈಪ್ ಮಾಡುತ್ತಾ ಹೋದಾಗ ಒಬ್ಬ ಮನುಷ್ಯ ಸಿಕ್ಕ. ಆತ ತುಂಬಾ ವಿನಯದಿಂದ "48 ಗಂಟೆ ಕಾಯಿರಿ ಸರ್" ಅಂದ. ಕಾದೆ. ಏನೂ ಆಗಲಿಲ್ಲ. ಮತ್ತೆ ಚಾಟ್ ಮಾಡಿದರೆ ಬೇರೆ ಏಜೆಂಟ್, ಬೇರೆ ಟಿಕೆಟ್ ನಂಬರ್, ಕತೆ ಮತ್ತೆ ಮೊದಲಿನಿಂದ.

ಇಲ್ಲೇ ಹೆಚ್ಚಿನವರು ಸುಸ್ತಾಗೋದು. ಏಜೆಂಟ್ ಕೆಟ್ಟವನಲ್ಲ. ಅವನ ಸ್ಕ್ರೀನ್ ಮೇಲೆ "ರಿಟರ್ನ್ ರದ್ದು" ಅಂತ ಇದ್ದರೆ ಅದನ್ನು ಬದಲಾಯಿಸೋ ಅಧಿಕಾರ ಅವನಿಗಿಲ್ಲ. ಅವನು ಮಾಡಬಹುದಾದದ್ದು ಸಮಾಧಾನ ಹೇಳಿ ಟಿಕೆಟ್ ಮುಚ್ಚೋದು. ನೀವು ಪ್ರತಿ ಸಲ ಹೊಸ ಚಾಟ್ ಶುರು ಮಾಡಿದಾಗ ಹೊಸ ಟಿಕೆಟ್ ಹುಟ್ಟುತ್ತದೆ, ಹಳೆಯದು "ಬಗೆಹರಿದಿದೆ" ಅಂತ ಮುಚ್ಚಿಹೋಗುತ್ತದೆ. ಕೊನೆಗೆ ಕಂಪನಿಯ ಲೆಕ್ಕದಲ್ಲಿ ನಿಮ್ಮದು ಒಂದು ಹಳೆಯ ದೂರು ಅಲ್ಲ, ಬಗೆಹರಿದ ಹತ್ತಾರು ಸಣ್ಣ ದೂರು.

ಹಾಗಾಗಿ ಕೊನೆಯ ಚಾಟ್‌ನಲ್ಲಿ ನಾನು ಜಗಳ ಆಡಲಿಲ್ಲ, ಎರಡೇ ವಿಷಯ ಕೇಳಿದೆ. ಈ ದೂರಿನ ಟಿಕೆಟ್ ನಂಬರ್ ಯಾವುದು? ರಿಫಂಡ್ ಕೊಡದಿರಲು ನಿಮ್ಮಲ್ಲಿ ಬರೆದಿರುವ ಕಾರಣ ಏನು? "ಗ್ರಾಹಕರಿಂದ ವಸ್ತು ತಲುಪಿಲ್ಲ" ಅಂತ ಆತ ಟೈಪ್ ಮಾಡಿದ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಆ ಒಂದು ಸಾಲು ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅನ್ನೋದನ್ನು ಆಮೇಲೆ ಹೇಳುತ್ತೇನೆ. ಚಾಟ್ ಕಿಟಕಿ ಮುಚ್ಚಿದ ಮೇಲೆ ಮಾತುಕತೆ ಮತ್ತೆ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ, ಆಗಲೇ ತೆಗೆದುಕೊಳ್ಳಬೇಕು.

ಮುಂದಿನ ಕೆಲಸ ಮಿಕ್ಸರ್ ಎಲ್ಲಿ ಹೋಯಿತು ಅಂತ ಹುಡುಕೋದು. ಪಿಕಪ್ ಆದ ದಿನ ಕೊರಿಯರ್ ಕಡೆಯಿಂದ ಒಂದು ಎಸ್ಎಂಎಸ್ ಬಂದಿತ್ತು. ಅದರಲ್ಲಿ ಎಡಬ್ಲ್ಯೂಬಿ ನಂಬರ್ ಇತ್ತು. ಎಡಬ್ಲ್ಯೂಬಿ ಅಂದರೆ ಆ ಪಾರ್ಸೆಲ್‌ಗೆ ಕೊರಿಯರ್‌ನವರು ಕೊಡೋ ಗುರುತಿನ ನಂಬರ್. ಶಾಪಿಂಗ್ ಆ್ಯಪ್ ಬಿಟ್ಟು ನೇರವಾಗಿ ಕೊರಿಯರ್ ಕಂಪನಿಯ ವೆಬ್‌ಸೈಟಿಗೆ ಹೋಗಿ ಆ ನಂಬರ್ ಹಾಕಿದೆ. ಅಲ್ಲಿ ಎರಡು ಸಾಲು ಕಂಡವು: ಹುಬ್ಬಳ್ಳಿಯಲ್ಲಿ ಪಿಕಪ್ ಆಗಿದೆ, ಹುಬ್ಬಳ್ಳಿ ಹಬ್ ತಲುಪಿದೆ. ಅದರ ಮುಂದೆ ಖಾಲಿ. ಪಿಕಪ್ ಹುಡುಗನ ನಂಬರ್ ಕಾಲ್ ಲಾಗ್‌ನಲ್ಲಿ ಇತ್ತು, ಫೋನ್ ಮಾಡಿದೆ. "ಅಣ್ಣಾರ, ನಾ ಹಬ್ಬಿಗೆ ಕೊಟ್ಟೀನ್ರಿ, ಸ್ಕ್ಯಾನೂ ಆಗೇತಿ. ಮುಂದ ಏನಾತು ನನಗ ಗೊತ್ತಿಲ್ರಿ" ಅಂದ. ಪಾಪ, ಅವನು ಹೇಳಿದ್ದು ನಿಜವೇ.

ಅಂದರೆ ವಸ್ತು ನಮ್ಮ ಕೈಯಿಂದ ಹೋಗಿದೆ, ಹಬ್‌ಗೂ ಸೇರಿದೆ, ಅಲ್ಲಿಂದ ಮಾರಾಟಗಾರನವರೆಗಿನ ದಾರಿಯಲ್ಲಿ ಕಳೆದಿದೆ. ಶಾಪಿಂಗ್ ಆ್ಯಪ್‌ನ ಏಜೆಂಟ್‌ಗೆ ತನ್ನ ಸ್ಕ್ರೀನ್‌ನಲ್ಲಿ ಇದು ಕಾಣುವುದಿಲ್ಲ. ಕೊರಿಯರ್‌ನ ಈ ಪುಟವೇ ನಮ್ಮ ನಿಜವಾದ ಸಾಕ್ಷಿ. ತಾರೀಕು, ಊರು, ನಂಬರ್ ಮೂರೂ ಒಂದೇ ಚಿತ್ರದಲ್ಲಿ ಬರೋ ಹಾಗೆ ಸ್ಕ್ರೀನ್‌ಶಾಟ್ ತೆಗೆದೆ. ನೀವೂ ರಿಟರ್ನ್ ಕೊಟ್ಟಾಗ ಆ ಎಸ್ಎಂಎಸ್ ಅಳಿಸಬೇಡಿ.

ಈಗ ದೂರು ಯಾರಿಗೆ ಕೊಡೋದು? 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಒಬ್ಬ ಗ್ರೀವನ್ಸ್ ಆಫೀಸರ್ ಇಟ್ಟಿರಬೇಕು. ಅವರ ಹೆಸರು, ಹುದ್ದೆ, ಸಂಪರ್ಕದ ವಿವರವನ್ನು ತಮ್ಮ ಸೈಟಿನಲ್ಲೇ ಹಾಕಿರಬೇಕು. ದೂರು ಬಂದ 48 ಗಂಟೆಯೊಳಗೆ "ತಲುಪಿದೆ" ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ್ಯಪ್‌ನಲ್ಲಿ ಈ ವಿವರ ಸುಲಭಕ್ಕೆ ಸಿಗಲ್ಲ. ಬ್ರೌಸರ್‌ನಲ್ಲಿ ಸೈಟ್ ತೆರೆದು, ತೀರಾ ಕೆಳಗೆ ಹೋಗಿ, ಸಣ್ಣ ಅಕ್ಷರದಲ್ಲಿರುವ `Grievance Officer` ಅಥವಾ `Terms of Use` ನೋಡಿ. ನನಗೆ ಅಲ್ಲೇ ಇಮೇಲ್ ವಿಳಾಸ ಸಿಕ್ಕಿತು.

ಪತ್ರ ಚಿಕ್ಕದಾಗಿ ಬರೆದೆ. ನಮ್ಮ ಮನೆಯಾಕೆ ಮೊದಲ ಪ್ರತಿ ಓದಿ "ಇಷ್ಟ್ಯಾಕ ಬೈಕೋತ ಕುಂತೀರಿ? ತಾರೀಕು ಎಲ್ಲಿ ಅದಾವ?" ಅಂದಳು. ಬೈಗುಳ ತೆಗೆದ ಮೇಲೆ ಉಳಿದದ್ದು ಹೆಚ್ಚುಕಡಿಮೆ ಹೀಗಿತ್ತು:

"ಆರ್ಡರ್ ನಂಬರ್ ಇಂಥದ್ದು, ಟಿಕೆಟ್ ನಂಬರ್ ಇಂಥದ್ದು. ಜಾರ್ ಒಡೆದಿದ್ದರಿಂದ ರಿಟರ್ನ್ ಕೋರಿದ್ದೆ, ನೀವು ಒಪ್ಪಿದ್ದೀರಿ. ಇಂಥ ತಾರೀಕಿಗೆ ನಿಮ್ಮ ಕೊರಿಯರ್ ವಸ್ತುವನ್ನು ಒಯ್ದಿದೆ, ಎಡಬ್ಲ್ಯೂಬಿ ನಂಬರ್ ಇಂಥದ್ದು. ಅದು ಹುಬ್ಬಳ್ಳಿ ಹಬ್ ತಲುಪಿದ ದಾಖಲೆ ಜೊತೆಗಿದೆ. ವಸ್ತು ತಲುಪಿಲ್ಲ ಅನ್ನೋ ಕಾರಣಕ್ಕೆ ನೀವು ರಿಫಂಡ್ ನಿರಾಕರಿಸಿದ್ದೀರಿ, ಆ ಚಾಟ್ ಜೊತೆಗಿದೆ. ₹4,299 ಅನ್ನು ನಾನು ಹಣ ಕೊಟ್ಟ ಖಾತೆಗೇ ವಾಪಸ್ ಹಾಕಿ. ಇದನ್ನು 2020ರ ಇ-ಕಾಮರ್ಸ್ ನಿಯಮಗಳಡಿ ಗ್ರೀವನ್ಸ್ ಆಫೀಸರ್‌ಗೆ ಕೊಟ್ಟ ದೂರು ಎಂದು ದಾಖಲಿಸಿ."

ಕೊನೆಯ ಸಾಲು ಸುಮ್ನೆ ಗತ್ತಿಗೆ ಬರೆದದ್ದಲ್ಲ. ಅದಿಲ್ಲದಿದ್ದರೆ ಮೇಲ್ ಮತ್ತೆ ಅದೇ ಚಾಟ್ ತಂಡಕ್ಕೆ ಹೋಗೋ ಸಾಧ್ಯತೆ ಜಾಸ್ತಿ. ಪರಿಹಾರ, ಮಾನಸಿಕ ಹಿಂಸೆ ಅಂತೆಲ್ಲ ನಾನು ಈ ಹಂತದಲ್ಲಿ ಕೇಳಲಿಲ್ಲ. ಓದುವವನು ಒಂದೇ ಸಲಕ್ಕೆ "ಹೌದು" ಅನ್ನಬಹುದಾದ ಒಂದು ಮೊತ್ತ ಮಾತ್ರ ಇರಲಿ.

ದೂರು ತಲುಪಿದೆ ಅಂತ ಬೇಗನೆ ಮೇಲ್ ಬಂತು. ಆಮೇಲೆ ಬಂದ ಉತ್ತರ ಮಜಾ ಇತ್ತು. "ದಯವಿಟ್ಟು ಬಾಕ್ಸ್ ಬಿಚ್ಚುವಾಗಿನ ವಿಡಿಯೊ ಕಳಿಸಿ." ಮನೆಗೆ ಬಂದ ಮಿಕ್ಸರ್ ಬಿಚ್ಚೋಕೆ ಯಾರು ವಿಡಿಯೊ ಮಾಡ್ತಾರೆ, ಅಲ್ವಾ? ಆದರೆ ಇಲ್ಲಿ ವಿಡಿಯೊ ಇದೆಯೋ ಇಲ್ಲವೋ ಅನ್ನೋದು ಪ್ರಶ್ನೆಯೇ ಅಲ್ಲ. ಅವರು ನಿರಾಕರಿಸಿದ್ದು ಜಾರ್ ಒಡೆದಿಲ್ಲ ಅಂತ ಅಲ್ಲ, ವಸ್ತು ತಲುಪಿಲ್ಲ ಅಂತ. ಈಗ ಕಾರಣ ಬದಲಾಯಿಸುತ್ತಿದ್ದಾರೆ. ಹೊಸ ಕಾರಣದ ಹಿಂದೆ ಹೋಗಿ ಸಮಜಾಯಿಷಿ ಕೊಟ್ಟರೆ ವಾದ ಅಲ್ಲಿಗೇ ತಿರುಗುತ್ತದೆ. ಹಾಗಾಗಿ ಅದೇ ಮೇಲ್‌ಗೆ ಉತ್ತರವಾಗಿ ಚಾಟ್‌ನ ಆ ಸಾಲಿನ ಸ್ಕ್ರೀನ್‌ಶಾಟ್ ಮತ್ತೆ ಹಾಕಿ, "ನೀವು ರಿಟರ್ನ್ ಒಪ್ಪಿ ವಸ್ತು ಒಯ್ದಾಗಿದೆ. ಹಬ್ ತಲುಪಿದ ಮೇಲೆ ಏನಾಯಿತು ಅನ್ನೋದನ್ನು ದಯವಿಟ್ಟು ತಿಳಿಸಿ" ಎಂದಷ್ಟೇ ಬರೆದೆ. ಹೊಸ ಮೇಲ್ ಶುರು ಮಾಡಲಿಲ್ಲ. ಒಂದೇ ಸರಪಳಿಯಲ್ಲಿ ಎಲ್ಲ ಇರಬೇಕು.

ಅದಾದ ಮೇಲೆ ಮೌನ. ತಿಂಗಳ ಗಡುವು ದಾಟಿದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೋದೆ. ನಂಬರ್ 1915. ಕನ್ನಡದಲ್ಲೂ ಮಾತಾಡಬಹುದು. 8800001915 ಅನ್ನೋ ವಾಟ್ಸ್ಆ್ಯಪ್ ನಂಬರ್ ಕೂಡ ಇದೆ. ಕಾಗದಪತ್ರ ಸೇರಿಸಬೇಕಿದ್ದರಿಂದ ನಾನು `consumerhelpline.gov.in` ನಲ್ಲೇ ದೂರು ಹಾಕಿದೆ. ಗ್ರೀವನ್ಸ್ ಆಫೀಸರ್‌ಗೆ ಬರೆದ ಪತ್ರವನ್ನೇ ಅಲ್ಲಿ ಇಳಿಸಿ, ಮೇಲ್ ಸರಪಳಿಯನ್ನು ಪಿಡಿಎಫ್ ಮಾಡಿ ಸೇರಿಸಿದೆ. ಡಾಕೆಟ್ ನಂಬರ್ ಒಂದು ಕೊಡುತ್ತಾರೆ, ಅದರಿಂದ ದೂರು ಎಲ್ಲಿಗೆ ಬಂತು ಅಂತ ನೋಡಬಹುದು.

ಇದು ಕೋರ್ಟ್ ಅಲ್ಲ ಅನ್ನೋದು ನೆನಪಿರಲಿ. ಸಹಾಯವಾಣಿಯವರು ಕಂಪನಿಗೆ ಆದೇಶ ಮಾಡೋಕೆ ಆಗಲ್ಲ. ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದರೆ ಕಂಪನಿಯಲ್ಲಿ ಅದನ್ನು ನೋಡೋರು ಚಾಟ್ ತಂಡದವರಲ್ಲ. ಕಂಪನಿಯಿಂದ ನನಗೆ ಫೋನ್ ಮಾಡಿದಾಕೆ ಎಡಬ್ಲ್ಯೂಬಿ ನಂಬರ್ ಮಾತ್ರ ಕೇಳಿ, ತಾನೇ ನೋಡಿ, "ಹೌದು ಸರ್, ಹಬ್‌ನಲ್ಲಿ ಸ್ಕ್ಯಾನ್ ಆಗಿದೆ" ಅಂದರು. ಅಷ್ಟು ದಿನ ನಾನು ಹೇಳುತ್ತಿದ್ದುದೂ ಅದನ್ನೇ!

ಮೊದಲು ವಾಲೆಟ್‌ಗೆ ಹಾಕುತ್ತೇವೆ ಅಂದರು. ಬೇಡ ಅಂದೆ. ವಾಲೆಟ್ ದುಡ್ಡು ಅಂದರೆ ಅದೇ ಅಂಗಡಿಯಲ್ಲಿ ಮತ್ತೆ ಕೊಳ್ಳಬೇಕು. ಹಣ ಕೊಟ್ಟ ಖಾತೆಗೇ ಬರಲಿ ಅಂತ ಮೇಲ್‌ನಲ್ಲೂ ಬರೆದಿದ್ದು ಇಲ್ಲಿ ಕೆಲಸಕ್ಕೆ ಬಂತು. "ರಿಫಂಡ್ ಆಗಿದೆ" ಅಂದಾಗ ರೆಫರೆನ್ಸ್ ನಂಬರ್ ಕೇಳಿ. ಯುಪಿಐ ಆದರೆ 12 ಅಂಕಿಯ ನಂಬರ್ ಇರುತ್ತದೆ, ಕಾರ್ಡ್ ಆದರೆ ಆ ವ್ಯವಹಾರದ ಗುರುತಿನ ನಂಬರ್ ಆದ ಎಆರ್‌ಎನ್. ದುಡ್ಡು ಕಾಣದಿದ್ದರೆ ಆ ನಂಬರ್ ಹಿಡಿದು ಬ್ಯಾಂಕಿಗೆ ಹೋದರೆ ಹುಡುಕಿ ಕೊಡುತ್ತಾರೆ. ನಂಬರ್ ಕೊಡೋಕೆ ತಡವರಿಸಿದರೆ ರಿಫಂಡ್ ಇನ್ನೂ ಹೊರಟೇ ಇಲ್ಲ ಅಂತ ನಾನು ಅಂದುಕೊಳ್ಳುತ್ತೇನೆ. ನನಗೆ ನಂಬರೂ ಬಂತು, ದುಡ್ಡೂ ಬಂತು.

ಮಧ್ಯೆ ಒಂದು ಮಾತು. ಸಿಟ್ಟು ಬಂದು ಸೋಶಿಯಲ್ ಮೀಡಿಯಾದಲ್ಲಿ ಕಂಪನಿಯ ಹೆಸರು ಹಾಕಿ ಬರೆದರೆ, ಸ್ವಲ್ಪ ಹೊತ್ತಿಗೇ ಕಂಪನಿಯ ಲೋಗೋ ಹಾಕಿಕೊಂಡ ನಕಲಿ ಖಾತೆಗಳು ಮೆಸೇಜ್ ಮಾಡುತ್ತವೆ. ಫಾರ್ಮ್ ತುಂಬಿ, ಈ ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ ಅನ್ನುತ್ತವೆ. ಗೂಗಲ್‌ನಲ್ಲಿ ಹುಡುಕಿದಾಗ ಸಿಗೋ ಕಸ್ಟಮರ್ ಕೇರ್ ನಂಬರ್‌ಗಳ ಕತೆಯೂ ಇದೇ. ರಿಫಂಡ್ ಕೊಡೋರಿಗೆ ನಿಮ್ಮ ಪಿನ್ ಬೇಕಾಗಿಲ್ಲ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಹಾಯವಾಣಿಯಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನಮ್ಮದು ಧಾರವಾಡದಲ್ಲಿ. ಗದಗ, ಹಾವೇರಿಯವರಿಗೆ ಅವರವರ ಜಿಲ್ಲೆಯಲ್ಲೇ ಇದೆ. ಕಂಪನಿಯ ಆಫೀಸ್ ಬೆಂಗಳೂರಲ್ಲಿರಲಿ, ದಿಲ್ಲಿಯಲ್ಲಿರಲಿ, 2019ರ ಗ್ರಾಹಕ ರಕ್ಷಣೆ ಕಾಯ್ದೆಯಡಿ ನೀವು ವಾಸ ಮಾಡೋ ಊರಿನ ಆಯೋಗದಲ್ಲೇ ಕೇಸ್ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದಿಲ್ಲ, `e-jagriti.gov.in` ನಲ್ಲಿ ಮನೆಯಿಂದಲೇ ಹಾಕಬಹುದು. ಸಮಸ್ಯೆ ಶುರುವಾದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಆದರೆ ಇದು ನಿಧಾನದ ದಾರಿ. ನಾಲ್ಕು ಸಾವಿರದ ಮಿಕ್ಸರ್‌ಗೆ ನಾನಾಗಿದ್ದರೆ ಎರಡು ಸಲ ಯೋಚಿಸುತ್ತಿದ್ದೆ, ನಲವತ್ತು ಸಾವಿರದ ಫೋನ್‌ಗಾದರೆ ಯೋಚಿಸುತ್ತಿರಲಿಲ್ಲ.

ಅಲ್ಲಿಗೆ ಹೋಗೋದಾದರೆ ಆ್ಯಪ್ ಕಂಪನಿ ಮತ್ತು ಮಾರಾಟಗಾರ ಇಬ್ಬರನ್ನೂ ಎದುರುದಾರರಾಗಿ ಹಾಕಿ. ಒಬ್ಬರನ್ನೇ ಹಾಕಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಮಾರಾಟಗಾರನ ಹೆಸರು, ವಿಳಾಸ ಇನ್‌ವಾಯ್ಸ್‌ನಲ್ಲಿ ಇರುತ್ತದೆ. ಅದು ಪೂರ್ತಿ ಇಲ್ಲದಿದ್ದರೆ ಆ್ಯಪ್ ಕಂಪನಿಗೆ ಲಿಖಿತವಾಗಿ ಕೇಳಿ. ಕೊಂಡ ಮೇಲೆ ಗ್ರಾಹಕ ಹೀಗೆ ಕೇಳಿದರೆ ಮಾರಾಟಗಾರನ ವಿಳಾಸ ಕೊಡಲೇಬೇಕು ಅಂತ ಅದೇ 2020ರ ನಿಯಮದಲ್ಲಿದೆ.