ಮೊದಲು ಟವೆಲ್, ಆಮೇಲೆ ನೀರು

ಮಗುವಿನ ಸ್ನಾನದಲ್ಲಿ ನಾನು ಹೆಚ್ಚಾಗಿ ಕಂಡ ತಪ್ಪು ಟವೆಲ್ ಮರೆಯುವುದು. ನೀರು ಹದ ಮಾಡಿ ಮಗುವನ್ನು ಕೂರಿಸಿದ ಮೇಲೆ ನೆನಪಾಗುತ್ತದೆ, "ಈಗ ಬಂದೆ" ಅಂತ ಒಳಗೆ ಹೋಗುತ್ತೇವೆ.

ಹಾಗಾಗಿ ಟವೆಲ್, ಸೋಪು, ಬಟ್ಟೆ ಎಲ್ಲ ಕೈಗೆ ಸಿಗುವಲ್ಲಿ ಇಡಿ. ಫೋನ್ ಹೊರಗೆ ಬಿಡಿ. ನೀರು ಉಗುರುಬೆಚ್ಚಗಿರಲಿ, ಮೊಣಕೈ ಅದ್ದಿ ನೋಡಿ.

ಟಬ್ಬಿನಲ್ಲಿ ಮೀಯಿಸುವುದಾದರೆ ನಾಲ್ಕು ಬೆರಳಿನಷ್ಟು ನೀರು ಧಾರಾಳ ಸಾಕು. ಅಷ್ಟರಲ್ಲೂ ಮುಖ ಮುಳುಗಿದರೆ ಅಪಾಯವೇ, ಅದಕ್ಕೆ ಒಂದು ಕೈ ಸದಾ ಮಗುವಿನ ಮೇಲಿರಲಿ. ಟಬ್ಬಿಗೆ ಅಂಟಿಸುವ ಪ್ಲಾಸ್ಟಿಕ್ ಸೀಟುಗಳು ಸಿಗುತ್ತವೆ, ನಾನಂತೂ ಬೇಡ ಅನ್ನುತ್ತೇನೆ. ಅಡಿಯ ರಬ್ಬರ್ ಬಿಟ್ಟರೆ ಸೀಟು ಮಗುವಿನ ಸಮೇತ ಮಗುಚುತ್ತದೆ. ಐದು ವರ್ಷದ ಅಕ್ಕನನ್ನು ಕಾವಲಿಗೆ ಕೂರಿಸುವುದೂ ಬೇಡ.

ಎಡವುವುದು ಸ್ನಾನ ಮುಗಿದ ಮೇಲೆ. ಬದಿಯಡ್ಕದ ಹತ್ತಿರ ನಮ್ಮ ಸಂಬಂಧಿಕರ ಮನೆಯಲ್ಲಿ ಹದಿನಾಲ್ಕು ತಿಂಗಳ ಪುಟ್ಟನನ್ನು ಮೀಯಿಸಿ, ಉಳಿದ ಕಾಲು ಬಕೆಟ್ ನೀರನ್ನು ಬಟ್ಟೆ ಒಗೆಯಲು ಇಟ್ಟಿದ್ದರು. ಏಪ್ರಿಲ್ ತಿಂಗಳು, ನೀರು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಅವನು ಒಳಗಿದ್ದ ಚೆಂಬು ತೆಗೆಯಲು ಬಗ್ಗಿದ. ಈ ಪ್ರಾಯದಲ್ಲಿ ತಲೆಯೇ ಭಾರ, ಬಕೆಟಿನ ಅಂಚು ಹೊಟ್ಟೆಗೆ ತಾಗಿತು ಅಂದರೆ ತಲೆ ಕೆಳಗೆ, ಕಾಲು ಮೇಲೆ. ಕೈ ಊರಿ ಎದ್ದು ಬರುವಷ್ಟು ಬಲ ಇಲ್ಲ, ನೀರಿನ ಭಾರಕ್ಕೆ ಬಕೆಟೂ ಸುಲಭಕ್ಕೆ ಉರುಳುವುದಿಲ್ಲ. ಬಾಯಿ ನೀರೊಳಗೆ ಇರುವುದರಿಂದ ಅಳುವ ಸದ್ದೂ ಬರುವುದಿಲ್ಲ. ಅವನ ಅಜ್ಜಿ ಆಗಲೇ ಬಚ್ಚಲಿಗೆ ಬಂದದ್ದಕ್ಕೆ ಉಳಿದ.

ಆದ್ದರಿಂದ ಕೊನೆಯ ಚೆಂಬು ಹೊಯ್ದ ಕೂಡಲೇ, ಮಗು ಕಂಕುಳಲ್ಲಿ ಇರುವಾಗಲೇ, ಬಕೆಟ್ ಮಗುಚಿ ಹಾಕಿ. ನೀರು ದಂಡ ಅನಿಸಿದರೆ ಬಸಳೆ ಬುಡಕ್ಕೆ ಹೋಗಲಿ. ಬಾಗಿಲಿನ ಚಿಲಕ ಹೊರಗಿನಿಂದ, ಮಗುವಿಗೆ ಎಟುಕದಷ್ಟು ಮೇಲೆ ಇರಲಿ.

ಬೇಸಿಗೆಗೆ ನೀರು ತುಂಬಿಸುವ ಡ್ರಮ್ಮಿಗೆ ಕಬ್ಬಿಣದ ಬಳೆ ಹಾಕಿ ಬಿಗಿಯುವ ಮುಚ್ಚಳವೇ ಬೇಕು. ಸುಮ್ನೆ ಹಲಗೆ ಇಟ್ಟರೆ ಮಗು ಒರಗುವಾಗ ಅದು ಜಾರುತ್ತದೆ. ಹತ್ತಿರ ಕಲ್ಲು, ಸ್ಟೂಲು ಬೇಡ. ಅಡಿಕೆಗೆ ಮದ್ದು ಬಿಟ್ಟ ಡ್ರಮ್ಮನ್ನು ತೊಳೆದು ಕವುಚಿ ಇಡಿ, ಇಲ್ಲದಿದ್ದರೆ ಒಂದೇ ಮಳೆಗೆ ಅದರಲ್ಲೂ ನೀರು.

ಅಷ್ಟಾಗಿಯೂ ಮಗು ಮುಳುಗಿದರೆ ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ, ಹೊಟ್ಟೆ ಒತ್ತಬೇಡಿ. ಅದರಲ್ಲಿ ಹೊತ್ತು ಹಾಳು, ವಾಂತಿ ಶ್ವಾಸಕೋಶಕ್ಕೆ ಹೋಗುವುದೂ ಉಂಟು. ಉಸಿರಿಲ್ಲದಿದ್ದರೆ ಗಟ್ಟಿಯಾದ ನೆಲದಲ್ಲಿ ಅಂಗಾತ ಮಲಗಿಸಿ, ಎದೆ ಏಳುವಷ್ಟು ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಉಸಿರು, ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಕೆಮ್ಮಿ, ಅತ್ತು ಸರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗೆ ಹೋದ ನೀರಿನಿಂದ ಕೆಲವು ಗಂಟೆ ಕಳೆದ ಮೇಲೆ ಏದುಸಿರು ಶುರುವಾಗಬಹುದು. ನಮ್ಮ ಪುಟ್ಟನನ್ನೂ ಒಂದು ರಾತ್ರಿ ಅಲ್ಲೇ ಇಟ್ಟುಕೊಂಡಿದ್ದರು.