46ನೇ ಪುಟದಲ್ಲಿ ಎಲ್ಲರೂ ಪುಸ್ತಕ ಮಡಚಿಡ್ತಿದ್ರು

ಹವಾಮಾನ ಬದಲಾವಣೆ ಬಗ್ಗೆ ನಾನು ಬರೆದ ಪುಸ್ತಕ, ಮೂರನೇ ಸಲ ಅಚ್ಚು ಹಾಕಿಸಿದ 300 ಪ್ರತಿ ಹೋದ ವಾರ ಖಾಲಿ ಆಯ್ತು, ಅದಕ್ಕೇ ಈಗ ಸ್ವಲ್ಪ ಧೈರ್ಯವಾಗಿ ಬರೀತಿದೀನಿ. ಹವಾಮಾನದ ಪುಸ್ತಕ ಅಂದ್ರೆ ಒಂದೋ ಹೆದರಿಸಬೇಕು ಇಲ್ಲಾ ಸಕ್ಕರೆ ಸವರಬೇಕು, ಇದ್ದದ್ದು ಇದ್ದಂಗೆ ಹೇಳಿದ್ರೆ ಯಾರೂ ಮುಟ್ಟಲ್ಲ ಅಂತ ನನ್ನ ಹಸ್ತಪ್ರತಿ ವಾಪಸ್ ಕೊಟ್ಟ ಪ್ರಕಾಶಕರೊಬ್ರು ಹೇಳಿದ್ರು. ಆಗ ಅವರ ಮಾತು ಸರಿ ಅಂತಾನೇ ಅನ್ಸಿತ್ತು, ಯಾಕಂದ್ರೆ ಮೊದಲನೇ ಸಲ ಬೈಕ್ ಮಾರಿ ಬಂದ ದುಡ್ಡಲ್ಲಿ 500 ಪ್ರತಿ ಹಾಕಿಸಿದ್ದೆ, ಫ್ರೀಯಾಗಿ ಹಂಚಿದ್ದೂ ಸೇರಿ 180 ಹೋಗಿರಬಹುದು ಅಷ್ಟೇ, ಉಳಿದಿದ್ದು ಮಂಚದ ಕೆಳಗೆ ಇನ್ನೂ ಇದೆ.

ಆ ಪುಸ್ತಕದ ಕಟ್ಟಡ ಎಲ್ಲರೂ ಮಾಡೋದೇ. ಎಂಟು ಅಧ್ಯಾಯ ಬರ, ಪ್ರವಾಹ, ಸಮುದ್ರ, ಕಾಡಿನ ಬೆಂಕಿ, ಕೊನೇಗೊಂದು "ನಾವೇನು ಮಾಡಬಹುದು" ಅಂತ ಹತ್ತು ಪಾಯಿಂಟು. ತಗೊಂಡವರು "ತುಂಬಾ ಮಾಹಿತಿ ಇದೆ ಸರ್" ಅಂತಿದ್ರು. ಹತ್ತರಲ್ಲಿ ಯಾವ ಪಾಯಿಂಟ್ ಇಷ್ಟ ಆಯ್ತು ಅಂತ ಕೇಳಿದ್ರೆ ಮಾತು ಬದಲಾಯಿಸೋರು. ಅಷ್ಟು ದೂರ ಯಾರೂ ಹೋಗೇ ಇರ್ಲಿಲ್ಲ.

ಆಮೇಲೆ ಮಾಡಿದ್ದು ಪೆನ್ಸಿಲ್ ಕೆಲಸ. ಬೈಂಡ್ ಮಾಡದ ಪ್ರಿಂಟೌಟು 14 ಜನಕ್ಕೆ ಕೊಟ್ಟೆ, ಅಭಿಪ್ರಾಯ ಗಿಭಿಪ್ರಾಯ ಏನೂ ಬೇಡ, ಎಲ್ಲಿ ಓದೋದು ನಿಲ್ಸಿ ಪಕ್ಕಕ್ಕಿಡ್ತೀರೋ ಆ ಸಾಲಿನ ಕೆಳಗೆ ಗೀಟು ಎಳೆದು ತಾರೀಖು ಹಾಕಿ ಸಾಕು ಅಂದೆ. ಮೂರು ವಾರ ಬಿಟ್ಟು ವಾಪಸ್ ಇಸ್ಕೊಂಡ್ರೆ ಒಂಬತ್ತೋ ಹತ್ತೋ ಗೀಟು 46ನೇ ಪುಟದ ಸುತ್ತಮುತ್ತಾನೇ, ಅದರಲ್ಲೂ ಒಂದೇ ವಾಕ್ಯದ ಕೆಳಗೆ ಆರು. ಆ ವಾಕ್ಯ ಇದು: "ಇವತ್ತೇ ಎಲ್ಲಾ ಎಮಿಷನ್ ನಿಲ್ಲಿಸಿದರೂ ಭೂಮಿ ಇನ್ನೂ ಅನೇಕ ದಶಕ ಬಿಸಿಯಾಗುತ್ತಲೇ ಹೋಗುತ್ತದೆ."

ಸರಿ, ಇದನ್ನ ಸ್ವಲ್ಪ ಮೆತ್ತಗೆ ಬರೆಯೋಣ ಅಂತ ಮೂಲ ಹುಡುಕೋಕೆ ಕೂತ್ರೆ ನನ್ನ ವಾಕ್ಯಾನೇ ತಪ್ಪು. ಈ ಮಾತು ಹುಟ್ಟಿದ್ದು ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಮಟ್ಟ ಈಗಿರೋ ಹಂಗೇ ಸ್ಥಿರವಾಗಿ ನಿಂತ್ರೆ ಏನಾಗುತ್ತೆ ಅನ್ನೋ ಮಾಡೆಲ್ ಪ್ರಯೋಗಗಳಿಂದ. ಆದ್ರೆ ಮಟ್ಟ ಸ್ಥಿರವಾಗಿ ನಿಲ್ಲಬೇಕು ಅಂದ್ರೆ ನಾವು ಎಮಿಷನ್ ಮಾಡ್ತಾನೇ ಇರಬೇಕು, ಪೂರ್ತಿ ನಿಲ್ಲಿಸಿದ್ರೆ ಸಮುದ್ರ, ಕಾಡು ಎಳ್ಕೊಳೋದರಿಂದ ಆ ಮಟ್ಟ ನಿಧಾನಕ್ಕೆ ಇಳಿಯುತ್ತೆ. ಒಂದು ಕಡೆ ಸಮುದ್ರ ಇನ್ನೂ ಪೂರ್ತಿ ಬಿಸಿಯಾಗಿಲ್ಲ ಅಂತ ತಾಪ ಏರೋ ಕಡೆ ಎಳೆಯುತ್ತೆ, ಇನ್ನೊಂದು ಕಡೆ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗ್ತಾ ಇಳಿಯೋ ಕಡೆ ಎಳೆಯುತ್ತೆ. ಈ ಹಗ್ಗಜಗ್ಗಾಟ ಹೆಚ್ಚೂಕಮ್ಮಿ ಸಮ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 2021ರ ವರದಿ ಇದನ್ನೇ ಹೇಳುತ್ತೆ, ಕಾರ್ಬನ್ ಡೈಆಕ್ಸೈಡ್ ಎಮಿಷನ್ ಸೊನ್ನೆಗೆ ಬಂದ್ಮೇಲೆ ಅದರಿಂದ ಆಗೋ ಹೆಚ್ಚುವರಿ ಬಿಸಿ ಸೊನ್ನೆ ಆಸುಪಾಸು, ಆಚೆ ಈಚೆ 0.3 ಡಿಗ್ರಿ ಇರಬಹುದು. ಅಂದ್ರೆ ನನ್ನ ಓದುಗರಲ್ಲಿ ಆರು ಜನ ಕೈಚೆಲ್ಲಿ ಕೂತಿದ್ದು ಸತ್ಯ ತಡ್ಕೊಳೋಕೆ ಆಗದೆ ಅಲ್ಲ, ನಾನು ಬರೆದ ಸುಳ್ಳಿಂದ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಖುಷಿಯಲ್ಲಿ ಎರಡನೇ ಆವೃತ್ತಿ ಎಡವಟ್ಟು ಮಾಡ್ಕೊಂಡೆ. "ನಿಲ್ಲಿಸಿದರೆ ಎಲ್ಲ ವಾಪಸ್ ಮೊದಲಿನಂತಾಗುತ್ತದೆ" ಅಂತ ಬರೆದು 300 ಹಾಕಿಸಿದೆ, ಈ ಸಲ ಅಣ್ಣನ ಹತ್ರ ಸಾಲ ಮಾಡಿ. ಫಿಸಿಕ್ಸ್ ಪಾಠ ಮಾಡೋ ಓದುಗರೊಬ್ರು ಅಂಚಿನಲ್ಲಿ ಕೆಂಪು ಪೆನ್ನಲ್ಲಿ ಜಾಡಿಸಿಬಿಟ್ರು. ಏರೋದು ನಿಲ್ಲುತ್ತೆ ನಿಜ, ಆದ್ರೆ ಏರಿರೋದು ಶತಮಾನಗಟ್ಟಲೆ ಅಲ್ಲೇ ಇರುತ್ತೆ. ಕಲ್ಲಿದ್ದಲಿನ ಹೊಗೆಯ ಸಲ್ಫೇಟ್ ಕಣಗಳು ಬಿಸಿಲಿಗೆ ಪರದೆ ಹಿಡಿದಿರೋದೂ ಎಮಿಷನ್ ಜೊತೆ ಹೋಗುತ್ತೆ, ಅದರಿಂದ ಸ್ವಲ್ಪ ಬಿಸಿ ಏರುತ್ತೆ, ಮೀಥೇನ್ ಕಮ್ಮಿಯಾದ್ರೆ ಸ್ವಲ್ಪ ಇಳಿಯುತ್ತೆ. ಇದ್ಯಾವುದೂ ನನ್ನ ಪುಟದಲ್ಲಿ ಇರ್ಲಿಲ್ಲ. ಸಿಹಿ ಸವರಿದ್ದು ಗೊತ್ತಾದ ಓದುಗ ಹೆದರಿದ ಓದುಗನಿಗಿಂತ ಕಷ್ಟ ಮಾರಾಯ್ರೆ, ಆಮೇಲೆ ನಿಮ್ಮ ಒಳ್ಳೇ ಅಂಕಿಯನ್ನೂ ನಂಬಲ್ಲ. ಮಾರದೇ ಉಳಿದ 120 ಪ್ರತಿಗೆ ತಿದ್ದುಪಡಿ ಚೀಟಿ ನಾನೇ ಕೂತು ಅಂಟಿಸಿದೆ.

ಮೂರನೇ ಸಲಕ್ಕೆ ಕೊನೇ ಅಧ್ಯಾಯ ಪೂರ್ತಿ ಕಿತ್ತಾಕಿದೆ. ಬದಲಿಗೆ ಒಂದೇ ನಿಯಮ: ಕೆಟ್ಟ ಅಂಕಿ ಬಂದ ಪುಟದಲ್ಲೇ ಆ ಅಂಕಿ ಏನರ ಮೇಲೆ ನಿಂತಿದೆ ಅಂತ ಹೇಳಬೇಕು, ಮುಂದಿನ ಪುಟಕ್ಕೆ ದಾಟಿಸಂಗಿಲ್ಲ. ಹವಳದ ದಿಬ್ಬದ ಪುಟ ಉದಾಹರಣೆಗೆ ತಗೊಳಿ. ಹಳೇದರಲ್ಲಿ "ಹವಳದ ದಿಬ್ಬಗಳು ನಾಶವಾಗಲಿವೆ" ಅಂತ ಇತ್ತು, ಅಲ್ಲೂ ಮೂರು ಗೀಟು. ಹೊಸದರಲ್ಲಿ 2018ರ ಐಪಿಸಿಸಿ ವಿಶೇಷ ವರದಿಯ ಎರಡು ಅಂಕಿ ಪಕ್ಕಪಕ್ಕ ಇಟ್ಟೆ: ಕೈಗಾರಿಕೆಗಳು ಬರೋ ಮುಂಚಿಗಿಂತ ಭೂಮಿ 1.5 ಡಿಗ್ರಿ ಬಿಸಿಯಾದ್ರೆ ಹವಳದಲ್ಲಿ 70ರಿಂದ 90 ಪರ್ಸೆಂಟ್ ಹೋಗುತ್ತೆ, 2 ಡಿಗ್ರಿಗೆ 99ಕ್ಕಿಂತ ಜಾಸ್ತಿ. ಅದರ ಕೆಳಗೇ ಲೆಕ್ಕ. ಸಾವಿರ ಬಿಲಿಯನ್ ಟನ್ ಕಾರ್ಬನ್ ಡೈಆಕ್ಸೈಡಿಗೆ ಸುಮಾರು 0.45 ಡಿಗ್ರಿ, ಪ್ರಪಂಚ ವರ್ಷಕ್ಕೆ ಬಿಡೋದು ಸುಮಾರು 40 ಬಿಲಿಯನ್ ಟನ್, ಹಂಗಾದ್ರೆ ಐದಾರು ವರ್ಷಕ್ಕೆ 0.1 ಡಿಗ್ರಿ. ಹವಳ ಉಳಿಯುತ್ತೆ ಅಂತ ಎಲ್ಲೂ ಬರೆದಿಲ್ಲ, ಬಹುಪಾಲು ಹೋಗುತ್ತೆ ಅಂತಾನೇ ಇದೆ, ಆದ್ರೆ ಹತ್ತರಲ್ಲಿ ಒಂದೆರಡು ಉಳಿಯೋದಕ್ಕೂ ಏನೂ ಉಳಿಯದೇ ಇರೋದಕ್ಕೂ ನಡುವೆ ಇರೋ ಅರ್ಧ ಡಿಗ್ರಿ ಎಷ್ಟು ವರ್ಷದ ಹೊಗೆ ಅಂತ ಓದುಗರೇ ಗುಣಿಸ್ಕೊತಾರೆ. ಹೊಸಾ ಪ್ರಿಂಟೌಟಲ್ಲಿ ಆ ಪುಟದಲ್ಲಿ ಗೀಟು ಇರ್ಲಿಲ್ಲ, ಇಬ್ರು ಅಂಚಿನಲ್ಲಿ ಗುಣಾಕಾರ ಮಾಡಿದ್ರು!

ಮಧ್ಯೆ ಓಝೋನ್ ಕಥೆಯನ್ನ ಮೊದಲ ಅಧ್ಯಾಯ ಮಾಡಿ ನೋಡಿದ್ದೆ. 1985ರಲ್ಲಿ ತೂತಿನ ಸುದ್ದಿ, 1987ರಲ್ಲೇ ಆ ತೂತು ಮಾಡ್ತಿದ್ದ ಸಿಎಫ್‌ಸಿ ಅನ್ನೋ ಫ್ರಿಜ್ಜು, ಸ್ಪ್ರೇ ಅನಿಲಗಳನ್ನ ತಡೆಯೋ ಮಾಂಟ್ರಿಯಲ್ ಒಪ್ಪಂದ, ಈಗ ವಾಸಿಯಾಗ್ತಿದೆ, ಓದೋಕೆ ಚೆಂದ. ಆದ್ರೆ ಓದಿದವರೆಲ್ಲಾ "ಅದು ಸುಲಭ ಇತ್ತು ಬಿಡಿ" ಅಂದ್ರು, ಅವರು ಹೇಳೋದೂ ಸರಿ, ಸಿಎಫ್‌ಸಿ ಮಾಡ್ತಿದ್ದಿದ್ದು ಕೆಲವೇ ಕಂಪನಿಗಳು, ಬದಲಿ ರಾಸಾಯನಿಕಾನೂ ಬೇಗ ಸಿಕ್ತು. ಆಮೇಲೆ ಅದನ್ನ ಅಲ್ಲಿಂದ ಎತ್ತಿ ಆರನೇ ಅಧ್ಯಾಯಕ್ಕೆ ಹಾಕಿ, ನಿಷೇಧ ಆದ್ಮೇಲೂ ಸಿಎಫ್‌ಸಿ-11 ಕಳ್ಳತನದಲ್ಲಿ ತಯಾರಾಗ್ತಿರೋ ಸುಳಿವನ್ನ 2018ರಲ್ಲಿ ಗಾಳಿ ಅಳೆಯೋರು ಪತ್ತೆ ಹಚ್ಚಿದ್ರು, ಆಮೇಲೆ ಅದು ಮತ್ತೆ ಇಳೀತು ಅನ್ನೋ ಭಾಗದಿಂದ ಶುರು ಮಾಡಿದೆ, ಈಗ ಅದನ್ನೇ ಜನ ಜಾಸ್ತಿ ನೆನಪಿಟ್ಕೊಂಡಿದಾರೆ. ಯಾವ ಅಧ್ಯಾಯದ ಪಕ್ಕ ಯಾವುದು ಕೂರಬೇಕು ಅನ್ನೋದಕ್ಕೆ ನಂದೊಂದು ಲೆಕ್ಕ ಇದೆ, ಅದನ್ನ ಸದ್ಯಕ್ಕೆ ಹೇಳಲ್ಲ, ಮುಂದಿನ ಪುಸ್ತಕಕ್ಕೆ ಬೇಕು.

ಪಾಸಾಯ್ತೋ ಇಲ್ವೋ ನೋಡೋಕೆ ಓದಿ ತಿಂಗಳಾದ್ಮೇಲೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳ್ತೀನಿ: "ನಾಳೆ ಎಮಿಷನ್ ನಿಂತ್ರೆ ಏನಾಗುತ್ತೆ?" "ಏನೂ ಪ್ರಯೋಜನ ಇಲ್ಲ" ಅಂದ್ರೆ ನಾನು ಫೇಲು, "ಎಲ್ಲಾ ಸರಿಹೋಗುತ್ತೆ" ಅಂದ್ರೂ ಫೇಲು. ಮೊದಲ ಆವೃತ್ತಿಗೆ 14ರಲ್ಲಿ ಇಬ್ರು ಸರಿ ಹೇಳಿದ್ರು, ಈಗ ಹತ್ತೋ ಹನ್ನೊಂದೋ ಜನ ಹೇಳ್ತಾರೆ. ಅಣ್ಣನ ಸಾಲಾನೂ ತೀರಿತು, ಬೈಕ್ ಮಾತ್ರ ಇನ್ನೂ ಇಲ್ಲ.

ಗ್ರೀನ್‌ಲ್ಯಾಂಡ್ ಅಧ್ಯಾಯದಲ್ಲಿ ಮಾತ್ರ ಗೀಟು ಬೀಳೋದು ನಿಂತಿಲ್ಲ. ಬಿಸಿ ಏರೋದು ನಿಂತ ಮೇಲೂ ಮಂಜು ಕರಗೋದು, ಸಮುದ್ರ ಏರೋದು ಶತಮಾನಗಟ್ಟಲೆ ನಡೆಯುತ್ತೆ, ನಮ್ಮ ಕೈಲಿರೋದು ಅದು ಎಷ್ಟು ಬೇಗ, ಎಷ್ಟು ಎತ್ತರ ಅನ್ನೋದು ಮಾತ್ರ. ಅದನ್ನ ತೆಗೆದುಬಿಡು ಅಂತ ಇಬ್ರು ಗೆಳೆಯರು ಹೇಳಿದ್ರು, ತೆಗೀಲಿಲ್ಲ. ತಾರೀಖು ನೋಡಿದ್ರೆ ಅಲ್ಲಿ ಪುಸ್ತಕ ಇಟ್ಟವರು ಜಾಸ್ತಿ ಅಂದ್ರೆ ನಾಲ್ಕು ದಿನಕ್ಕೆ ಮತ್ತೆ ಎತ್ಕೊಂಡಿದಾರೆ, 46ನೇ ಪುಟದಲ್ಲಿ ಇಟ್ಟವರು ಆವಾಗ ಎತ್ಕೊಂಡೇ ಇರ್ಲಿಲ್ಲ.