ಕೋರ್ಸ್‌ಗೆ ಕಂಪನಿ ದುಡ್ಡು ಕೊಡಬೇಕೆ? ಮೊದಲು ಸ್ಯಾಂಪಲ್ ಪುಸ್ತಕ ತೆರೆಯಿರಿ

ಕುಶಾಲನಗರದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಹಲವು ವರ್ಷ ಮ್ಯಾನೇಜರ್ ಆಗಿದ್ದೆ. ವರ್ಷಕ್ಕೆ ಮೂರ್ನಾಲ್ಕು ಮಂದಿಯಾದರೂ ಬಂದು, "ಸರ್, ಬೆಂಗಳೂರಲ್ಲಿ ಒಂದು ಕೋರ್ಸ್ ಇದೆ, ಕಂಪನಿಯಿಂದ ಕಳಿಸ್ತೀರಾ?" ಎಂದು ಕೇಳುತ್ತಿದ್ದರು. ಮೊಬೈಲ್‌ನಲ್ಲಿ ಜಾಹೀರಾತು ತೋರಿಸುತ್ತಿದ್ದರು. ನಾನು "ನೋಡೋಣ" ಅನ್ನುತ್ತಿದ್ದೆ. ನಮ್ಮ ಕಡೆ ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ, ಅಲ್ವಾ?

ಕಳಿಸಬಾರದು ಅನ್ನುವ ಹಟ ನನಗಿರಲಿಲ್ಲ. ದುಡ್ಡು ಕೊಡುವವರು ಮಾಲೀಕರು. ಅವರ ಮುಂದೆ ನಾನು ಏನು ಹೇಳಲಿ? "ಹುಡುಗಿಗೆ ಕಲಿಯೋ ಆಸೆ ಇದೆ" ಎಂದರೆ ಅವರು "ಒಳ್ಳೇದು, ಕಲಿಯಲಿ" ಎಂದು ಮಾತು ಮುಗಿಸುತ್ತಾರೆ. ನನಗೆ ಹೇಳಲು ಒಂದು ಕಾರಣ ಬೇಕಿತ್ತು. ಅದನ್ನು ಕೈಗಿಟ್ಟವಳು ನಮ್ಮ ಕ್ವಾಲಿಟಿ ರೂಮಿನ ಸಹಾಯಕಿ ಒಬ್ಬಳೇ. ಅವಳು ಕೇಳಿದ ರೀತಿಯನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಅಂಕಿಗಳು ಆ ಒಂದು ಪ್ರಕರಣದವು. ನಿಮ್ಮಲ್ಲಿ ಬೇರೆ ಇರುತ್ತವೆ.

ಮೊದಲ ಹಂತ: ಕೆಲಸ ಎಲ್ಲಿ ನಿಂತಿತು ಎಂದು ಬರೆದಿಡಿ

ನಮ್ಮಲ್ಲಿ ಕಪ್ ಟೆಸ್ಟ್, ಅಂದರೆ ಕಾಫಿಯ ರುಚಿ, ವಾಸನೆ ನೋಡಿ ಗುಣಮಟ್ಟ ಹೇಳುವ ಕೆಲಸ, ಮಾಡುವವರು ಒಬ್ಬರೇ ಇದ್ದರು. ಹಿರಿಯರು, ನಾಲಿಗೆ ಗಟ್ಟಿ. ಆ ವರ್ಷ ರೊಬಸ್ಟಾ ಸುರಿಯುವ ಹೊತ್ತಿಗೇ ಅವರು ಜ್ವರ ಬಂದು 11 ದಿನ ಮಲಗಿಬಿಟ್ಟರು.

ಕಪ್ ಟೆಸ್ಟ್ ಬೇರೆಯವರು ಸುಮ್ನೆ ಮಾಡಿಬಿಡುವ ಕೆಲಸವಲ್ಲ. ಬೀಜದಲ್ಲಿ ಎಷ್ಟು ತೇವವಿದೆ ಎಂದು ಮೀಟರ್ ಹೇಳುತ್ತದೆ. ಗಾತ್ರ ಜರಡಿಯಲ್ಲಿ ಗೊತ್ತಾಗುತ್ತದೆ. ಆದರೆ ಕಣದಲ್ಲಿ ಒಣಗುವಾಗ ಒಂದು ಅಕಾಲ ಮಳೆ ಬಿದ್ದು ಬೂಷ್ಟು ಹಿಡಿದಿದ್ದರೆ, ಕೊನೆಗೆ ಬೀಜ ಒಣಗಿ ನೋಡಲು ಚೆನ್ನಾಗಿಯೇ ಕಾಣಬಹುದು. ಆ ವಾಸನೆ ಹುರಿದು, ಪುಡಿ ಮಾಡಿ, ಬಿಸಿ ನೀರು ಸುರಿದ ಮೇಲೆ ಏಳುತ್ತದೆ. ಒಂದೇ ಸ್ಯಾಂಪಲನ್ನು ಐದು ಬಟ್ಟಲಲ್ಲಿ ಹಾಕುವುದೂ ಇದಕ್ಕೇ. ಒಂದೆರಡು ಕೆಟ್ಟ ಬೀಜ ಇದ್ದರೆ ಐದರಲ್ಲಿ ಒಂದು ಬಟ್ಟಲು ಮಾತ್ರ ಕೈಕೊಡುತ್ತದೆ. ಒಂದೇ ಬಟ್ಟಲು ಇಟ್ಟಿದ್ದರೆ ಅದು ತಪ್ಪಿಹೋಗಬಹುದು.

ಆ 11 ದಿನ ಸ್ಯಾಂಪಲ್‌ಗಳನ್ನು ಹೊರಗಿನ ಲ್ಯಾಬ್‌ಗೆ ಕಳಿಸಿದೆವು. ರಿಪೋರ್ಟ್ ಬರಲು ನಾಲ್ಕೈದು ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ಗೋಡೌನ್ ತುಂಬುತ್ತಿತ್ತು. ಒಂದು ಲಾಟನ್ನು ರಿಪೋರ್ಟ್‌ಗೆ ಕಾಯದೆ ಬಲ್ಕ್‌ಗೆ, ಅಂದರೆ ಬೇರೆ ಲಾಟ್‌ಗಳ ಜೊತೆ ಬೆರೆಸುವ ದೊಡ್ಡ ರಾಶಿಗೆ ಸೇರಿಸಿದೆವು, ನನ್ನದೇ ತೀರ್ಮಾನ. ಒಂದು ಕಂಟೇನರ್ ಎಂದರೆ 60 ಕಿಲೋದ 320 ಚೀಲ. ಅದರಲ್ಲಿ ಬೂಷ್ಟು ಹಿಡಿದದ್ದು ಹತ್ತೋ ಹನ್ನೆರಡೋ ಚೀಲ ಇದ್ದಿರಬೇಕು. ಖರೀದಿದಾರರ ಟೇಬಲ್ ಮೇಲೆ ಇಡೀ ಲಾಟೇ ವಾಸನೆ ಹೊಡೆಯಿತು. ರೇಟು ಇಳಿಸಿ ಕೊಡಬೇಕಾಯಿತು.

ನನಗೆ ಇದೆಲ್ಲ ಒಂದು ಕೆಟ್ಟ ಸೀಸನ್ ಅಂತಷ್ಟೇ ನೆನಪಿತ್ತು. ಅವಳು ಸ್ಯಾಂಪಲ್ ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿಟ್ಟಿದ್ದಳು. ಯಾವ ದಿನ ಎಷ್ಟು ಸ್ಯಾಂಪಲ್ ಹೊರಗೆ ಹೋಯಿತು, ರಿಪೋರ್ಟ್ ಯಾವಾಗ ಬಂತು, ಅಷ್ಟು ದಿನ ಯಾವ ಲಾಟ್ ಕಾದು ನಿಂತಿತು. ಒಟ್ಟು 38 ಸ್ಯಾಂಪಲ್, ಒಂದಕ್ಕೆ 600 ರೂಪಾಯಿಯಂತೆ 22,800. ಕೊರಿಯರ್ ಬೇರೆ.

ನೀವು ಯಾವ ಕೆಲಸದಲ್ಲಿದ್ದರೂ ಇಂಥ ಒಂದು ಪುಸ್ತಕ ಇರುತ್ತದೆ. ರೆಸಾರ್ಟ್‌ನ ದೂರಿನ ರಿಜಿಸ್ಟರ್ ಆಗಬಹುದು, ಅಕೌಂಟ್ಸ್‌ನವರು ಕಟ್ಟಿದ ದಂಡದ ರಸೀದಿ ಆಗಬಹುದು. ಒಂದು ಸೀಸನ್ ಪೂರ್ತಿ ಬರೆಯಿರಿ. ಒಂದೇ ಸಲ ಆದದ್ದನ್ನು ಹಿಡಿದುಕೊಂಡು ಬಂದರೆ ಮ್ಯಾನೇಜರ್ "ಅದು ಆ ವರ್ಷದ ಗ್ರಹಚಾರ" ಎಂದುಬಿಡುತ್ತಾರೆ. ಅವಳು ಆ ಹಿರಿಯರು ಮದುವೆಗೆ, ಪುತ್ತರಿಗೆ ಹಾಕಿದ ರಜೆಯ ದಿನಗಳನ್ನೂ ಸೇರಿಸಿದ್ದಳು. ಹಾಗಾಗಿ ಅದು ಜ್ವರದ ಮಾತಾಗಿ ಉಳಿಯಲಿಲ್ಲ. ಒಬ್ಬರ ನಾಲಿಗೆಯ ಮೇಲೆ ಇಡೀ ಫ್ಯಾಕ್ಟರಿ ನಿಂತಿದೆ ಎನ್ನುವುದು ಕಣ್ಣಿಗೆ ಕಂಡಿತು.

ಎರಡನೇ ಹಂತ: ತೂತಿನ ಅಳತೆಗೆ ತೇಪೆ

ಕೋರ್ಸ್ ಹುಡುಕುವುದು ಈಗ. ಹೆಸರು ದೊಡ್ಡದಿರುವುದನ್ನು ಆರಿಸಿಕೊಂಡು ಬರುವವರೇ ಜಾಸ್ತಿ. ಕಾಫಿ ಮಂಡಳಿಯ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಒಳ್ಳೆಯದೇ, ಆದರೆ ಅದು ಒಂದು ವರ್ಷದ್ದು. ನಾಲ್ಕೈದು ಜನರ ಕ್ವಾಲಿಟಿ ರೂಮಿನಿಂದ ಒಬ್ಬರನ್ನು ವರ್ಷಪೂರ್ತಿ ಬಿಟ್ಟುಕೊಡಲು ಆಗುವುದಿಲ್ಲ. ಇನ್ನು ಹುರಿಯುವುದು, ಕಾಫಿ ಮಾಡುವುದನ್ನು ಹೇಳಿಕೊಡುವ ಚಿಕ್ಕ ಕೋರ್ಸ್‌ಗಳಿವೆ. ಕೆಫೆ ತೆರೆಯುವವರಿಗೆ ಅವು ಸರಿ. ಚೀಲದಲ್ಲಿ ಬೂಷ್ಟು ಪತ್ತೆ ಮಾಡಬೇಕಾದವರಿಗೆ ಅಲ್ಲ.

ಅವಳು ಆರಿಸಿದ್ದು ಐದು ದಿನದ ಕಪ್ ಟೆಸ್ಟಿಂಗ್ ಕೋರ್ಸ್. ಪಾಠಪಟ್ಟಿ ತೆಗೆದುಕೊಂಡು, ಅದರ ಯಾವ ದಿನದ ಪಾಠ ನಮ್ಮ ಯಾವ ತೊಂದರೆಗೆ ಆಗುತ್ತದೆ ಎಂದು ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿದ್ದಳು. ಒಂದು ದಿನದ ಪಾಠದ ಎದುರು "ನಮಗೆ ಉಪಯೋಗವಿಲ್ಲ" ಎಂದೂ ಇತ್ತು. ನಿಜ ಹೇಳಬೇಕೆಂದರೆ, ಅದನ್ನು ಓದಿದ ಮೇಲೆ ಉಳಿದ ನಾಲ್ಕು ದಿನದ ಮೇಲೆ ನನಗೆ ನಂಬಿಕೆ ಬಂತು.

ಮೂರನೇ ಹಂತ: ಖರ್ಚು ಪೂರ್ತಿ ಹೇಳಿ

ಶುಲ್ಕ ಮಾತ್ರ ಹೇಳಿ ಒಪ್ಪಿಸಿ, ಆಮೇಲೆ ಬಸ್ಸು, ರೂಮು ಎಂದು ಒಂದೊಂದೇ ಬಿಲ್ ತರುವುದು ತಪ್ಪು. ಕೊಡಗಿಗೆ ರೈಲಿಲ್ಲ, ಬೆಂಗಳೂರಿಗೆ ಬಸ್ಸೇ ಗತಿ, ದಿನಾ ಹೋಗಿಬರುವ ದೂರವೂ ಅಲ್ಲ. ನಮ್ಮ ಊರಿನವರಿಗೆ ವಸತಿಯ ಖರ್ಚು ಹೇಗೂ ತಪ್ಪುವುದಿಲ್ಲ.

ಅವಳ ಲೆಕ್ಕ ಹೀಗಿತ್ತು. ಶುಲ್ಕ 20,000, ಅದರ ಮೇಲೆ ಶೇ 18 ಜಿಎಸ್‌ಟಿ 3,600. ಬಸ್ಸು ಹೋಗಿಬರಲು 1,400. ಆರು ರಾತ್ರಿಯ ರೂಮು 7,200. ಊಟ 2,400, ಊರೊಳಗೆ ಓಡಾಟ 900. ಒಟ್ಟು 35,500. ಕೆಳಗೆ ಒಂದು ಸಾಲು: ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡರೆ 28,300. ಜಿಎಸ್‌ಟಿಯನ್ನು ಎಷ್ಟೋ ಜನ ಮರೆಯುತ್ತಾರೆ. ಬಿಲ್ ಯಾರ ಹೆಸರಿಗೆ ಆಗಬೇಕು ಎಂದು ಅಕೌಂಟ್ಸ್‌ನವರನ್ನು ದುಡ್ಡು ಕಟ್ಟುವ ಮೊದಲೇ ಕೇಳಿ. ನಿಮ್ಮ ಹೆಸರಲ್ಲಿ ಬಿಲ್ ಆದಮೇಲೆ ಕಂಪನಿಯ ಹೆಸರಿಗೆ ತಿದ್ದಿಸುವುದು ದೊಡ್ಡ ತಲೆನೋವು.

ನೀವು ಲೆಕ್ಕ ಹಾಕಿರಬಹುದು: ಲ್ಯಾಬಿಗೆ ಹೋದದ್ದು 22,800, ಕೋರ್ಸಿಗೆ 35,500. ಮೊದಲ ವರ್ಷ ದುಡ್ಡು ವಾಪಸಾಗುವುದಿಲ್ಲ. ಅವಳು ಅದನ್ನು ಮುಚ್ಚಿಡಲಿಲ್ಲ. ರೇಟು ಇಳಿಸಿ ಕೊಟ್ಟ ಲಾಟಿನ ನಷ್ಟವನ್ನು ಲೆಕ್ಕಕ್ಕೆ ಎಳೆದು ತರಲೂ ಇಲ್ಲ, ಅದು ನನಗೆ ಗೊತ್ತಿದ್ದ ಗಾಯ. ಬರೀ "ಎರಡನೇ ಸೀಸನ್‌ಗೆ ಸರಿಹೋಗುತ್ತದೆ" ಎಂದು ಬರೆದಳು.

ನಾಲ್ಕನೇ ಹಂತ: ಎಷ್ಟು ಆಗುತ್ತದೋ ಅಷ್ಟೇ ಒಪ್ಪಿಕೊಳ್ಳಿ

ಐದು ದಿನದಲ್ಲಿ ಯಾರೂ ಕಪ್ ಟೇಸ್ಟರ್ ಆಗುವುದಿಲ್ಲ. ನಾಲಿಗೆ ಪಳಗಲು ವರ್ಷಗಳು ಬೇಕು. "ಬಂದ ಮೇಲೆ ನಾನೇ ಎಲ್ಲ ನೋಡಿಕೊಳ್ಳುತ್ತೇನೆ" ಎಂದಿದ್ದರೆ ನಮ್ಮ ಹಿರಿಯರೇ ನಕ್ಕುಬಿಡುತ್ತಿದ್ದರು, ಬೇಜಾರೂ ಮಾಡಿಕೊಳ್ಳುತ್ತಿದ್ದರು. ಅವಳು ಹೇಳಿದ್ದು ಇಷ್ಟೇ: ಬೂಷ್ಟು, ಅತಿಯಾಗಿ ಹುಳಿತದ್ದು, ಗೋಣಿ ವಾಸನೆ, ಈ ಮೂರನ್ನು ಹಿಡಿದು ಆ ಲಾಟನ್ನು ಬಲ್ಕ್‌ನಿಂದ ಆಚೆ ಇಡುತ್ತೇನೆ. ಗ್ರೇಡಿನ ಮಾತು ಹಿರಿಯರದ್ದೇ.

ಇದನ್ನು ಪರೀಕ್ಷಿಸುವ ದಾರಿಯನ್ನೂ ಅವಳೇ ಕೊಟ್ಟಳು. ಬಂದ ಮೇಲೆ ಎರಡು ತಿಂಗಳು ಇಬ್ಬರೂ ಒಂದೇ ಸ್ಯಾಂಪಲನ್ನು ನಂಬರ್ ಮುಚ್ಚಿ ಬೇರೆ ಬೇರೆ ರುಚಿ ನೋಡಿ ಬರೆಯುವುದು, ಆಮೇಲೆ ತಾಳೆ ನೋಡುವುದು. ತಾಳೆಯಾಗದಿದ್ದರೆ ಅವಳ ಸಹಿಯ ಮೇಲೆ ಯಾವ ಲಾಟೂ ಹೋಗುವುದಿಲ್ಲ. ಹಿರಿಯರಿಗೆ ಈ ಮಾತು ಹಿಡಿಸಿತು. ಅವರೇ ನನ್ನ ಹತ್ತಿರ ಬಂದು, "ಕಳಿಸಿ ಸರ್, ನನಗೂ ಒಂದು ರಜೆ ಸಿಗ್ಲಿ" ಎಂದರು. ನಿಮ್ಮ ತಂಡದಲ್ಲೂ ಆ ಕೆಲಸ ಈಗ ಮಾಡುತ್ತಿರುವವರ ಹತ್ತಿರ ಮೊದಲೇ ಮಾತಾಡಿ. ಅವರಿಗೆ ಬೇರೆಯವರಿಂದ ಸುದ್ದಿ ಗೊತ್ತಾದರೆ ಕೆಲಸ ಅರ್ಧ ಕೆಟ್ಟಂತೆ.

ಐದನೇ ಹಂತ: ಕೇಳುವ ಹೊತ್ತು

ಬಜೆಟ್ ಆಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ನಮ್ಮಲ್ಲಿ ಆಗ ಲಾರಿಗಳ ಸಾಲು ನಿಂತಿರುತ್ತದೆ, ಮ್ಯಾನೇಜರ್‌ಗೆ ತಲೆ ಎತ್ತಲು ಹೊತ್ತಿರುವುದಿಲ್ಲ. ಆಗ ಎರಡೇ ಮಾತು ಹೇಳಿ ಇಡಿ: "ಸರ್, ಮಳೆಗಾಲದಲ್ಲಿ ಒಂದು ಟ್ರೈನಿಂಗ್ ಬಗ್ಗೆ ಕೇಳಬೇಕು, ಸುಮಾರು 35 ಸಾವಿರ ಆಗ್ಬಹುದು. ಸೀಸನ್ ಮುಗಿದ ಮೇಲೆ ಕಾಗದ ಕೊಡ್ತೇನೆ." ಮೊತ್ತ ಕಿವಿಗೆ ಬಿದ್ದಿರಲಿ. ಕಾಗದ ಮೇ ಕೊನೆಗೆ, ಕೋರ್ಸ್ ಆಗಸ್ಟ್‌ಗೆ. ರೆಸಾರ್ಟ್‌ನವರಾದರೆ ದಸರಾ, ಡಿಸೆಂಬರ್ ಬಿಟ್ಟು ಲೆಕ್ಕ ಹಾಕಿಕೊಳ್ಳಿ.

ಕಾಗದ ಒಂದೇ ಪುಟ ಇರಲಿ. ಮ್ಯಾನೇಜರ್ ಅದನ್ನು ಹಾಗೆಯೇ ಮಾಲೀಕರಿಗೆ ಕಳಿಸುವಂತಿರಬೇಕು. ಅವಳದ್ದು ಹೀಗೆ ಶುರುವಾಗಿತ್ತು:

"ಸರ್, ಈ ಸೀಸನ್‌ನಲ್ಲಿ ಕಪ್ ಟೆಸ್ಟ್ ಮಾಡುವವರಿಲ್ಲದೆ 38 ಸ್ಯಾಂಪಲ್ ಹೊರಗೆ ಕಳಿಸಿದೆವು. ರಿಪೋರ್ಟ್‌ಗೆ ಕಾದು ಮೂರು ಲಾಟ್ ನಿಂತವು. ಎರಡನೇ ವ್ಯಕ್ತಿ ತಯಾರಾದರೆ ಇದು ತಪ್ಪುತ್ತದೆ. ಅದಕ್ಕಾಗಿ ಆಗಸ್ಟ್‌ನಲ್ಲಿ ಐದು ದಿನದ ಕೋರ್ಸ್‌ಗೆ ನನ್ನನ್ನು ಕಳಿಸಬೇಕೆಂದು ಕೋರುತ್ತೇನೆ. ಆ ದಿನಗಳಲ್ಲಿ ತೇವ ನೋಡುವ ಕೆಲಸವನ್ನು ಪಕ್ಕದ ಟೇಬಲ್‌ನವರು ಒಪ್ಪಿಕೊಂಡಿದ್ದಾರೆ."

"ಕಲಿಯುವ ಆಸಕ್ತಿ" ಅನ್ನುವ ಮಾತು ಎಲ್ಲೂ ಇರಲಿಲ್ಲ ನೋಡಿ.

ಬಾಂಡ್ ಕೇಳಿದರೆ

ಮಾಲೀಕರು ಓದಿ ಕೇಳಿದ್ದು ಒಂದೇ ಪ್ರಶ್ನೆ: "ಕಲಿತುಕೊಂಡು ಬೇರೆ ಕಡೆ ಹೋದರೆ ಎಂತ ಮಾಡೋದು?" ಇದು ಬಂದೇ ಬರುತ್ತದೆ. ಬಾಂಡ್ ಎಂದರೆ ಬರೀ ಕಾಗದ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಎಲ್ಲ ಬಾಂಡೂ ಹಾಗೆ ನಿಲ್ಲುತ್ತದೆ ಎಂದಲ್ಲ, ಆದರೆ ಓದದೆ ಸಹಿ ಹಾಕುವ ಕಾಗದವೂ ಅಲ್ಲ.

ಕೇಳುವ ಮೊದಲೇ ನೀವೇ ಒಂದು ಷರತ್ತು ಮುಂದಿಡುವುದು ವಾಸಿ. ನಮ್ಮಲ್ಲಿ ಆದದ್ದು ಹೀಗೆ: ಅವಧಿ ಒಂದು ವರ್ಷ, ಮೊತ್ತ ಕಂಪನಿ ನಿಜಕ್ಕೂ ಖರ್ಚು ಮಾಡಿದ್ದಷ್ಟೇ, ಕೆಲಸ ಮಾಡಿದ ಪ್ರತಿ ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು ಕಡಿತ. ಎಂಟು ತಿಂಗಳಿಗೆ ಬಿಟ್ಟರೆ ಮೂರನೇ ಒಂದು ಭಾಗ ಕಟ್ಟಿದರಾಯಿತು. ಕಂಪನಿಯೇ ಕೆಲಸದಿಂದ ತೆಗೆದರೆ ಏನೂ ಕಟ್ಟಬೇಕಿಲ್ಲ ಎಂಬ ಸಾಲನ್ನು ಕೇಳಿ ಹಾಕಿಸಿಕೊಳ್ಳಿ. ಅಂಕಪಟ್ಟಿಯ ಮೂಲಪ್ರತಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ.

ಪೂರ್ತಿ ಆಗದು ಎಂದರೆ

ಶುಲ್ಕ ಕಂಪನಿಯದ್ದು, ವಸತಿ ನಿಮ್ಮದು ಎಂದು ಕೇಳಿ. ಅದೂ ಇಲ್ಲವೆಂದರೆ ಸಂಬಳ ಕಡಿಯದ ಐದು ದಿನದ ರಜೆ ಕೇಳಿ. ಯಾವುದಕ್ಕೂ ಒಪ್ಪದಿದ್ದರೆ, "ಮುಂದಿನ ಸೀಸನ್‌ನಲ್ಲಿ ಯಾವ ಲೆಕ್ಕ ತಂದರೆ ಮತ್ತೆ ಕೇಳಬಹುದು ಸರ್?" ಎಂದು ಕೇಳಿ, ಅವರು ಹೇಳಿದ್ದನ್ನು ಆ ಪುಸ್ತಕದಲ್ಲೇ ಬರೆದುಕೊಳ್ಳಿ.

ಅವಳಿಗೆ ಸಿಕ್ಕಿದ್ದು 28,300. ಚಿಕ್ಕಮ್ಮನ ಮನೆಯಲ್ಲೇ ಉಳಿದಳು. ನಂಬರ್ ಮುಚ್ಚಿ ರುಚಿ ನೋಡಿದ ಮೊದಲ ವಾರ ಹಿರಿಯರು ಆಚೆ ಇಟ್ಟ ನಾಲ್ಕು ಸ್ಯಾಂಪಲ್‌ಗಳಲ್ಲಿ ಅವಳು ಹಿಡಿದದ್ದು ಎರಡು. ಎರಡು ತಿಂಗಳು ಎಂದಿದ್ದನ್ನು ಮೂರು ಮಾಡಿದೆವು.